ಇಡಿಗಂಟೋ, ತಿಂಗಳ ಪಿಂಚಣಿಯೋ? ನಿವೃತ್ತಿಗೆ ಮೊದಲು ಕೂತು ಹಾಕಬೇಕಾದ ಲೆಕ್ಕ

"ಒಂದೇ ಸಲಕ್ಕೆ ಹತ್ತು ಲಕ್ಷ ಕೊಡ್ತಾರಂತೆ. ಬೇಡ ಅಂದ್ರೆ ಬದುಕಿರುವ ತನಕ ತಿಂಗಳಿಗೆ ಆರು ಸಾವಿರ. ಯಾವುದು ತಗೊಳ್ಳಲಿ?" ಮೊತ್ತ ಬೇರೆ ಬೇರೆ ಇರುತ್ತದೆ, ಪ್ರಶ್ನೆ ಮಾತ್ರ ಇದೇ. ಕೇಳುವವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ ಆಗಲೇ ಒಂದು ಕಡೆ ವಾಲಿರುತ್ತಾರೆ. ದೊಡ್ಡ ಮೊತ್ತ ಕಣ್ಣಿಗೆ ಕಾಣುತ್ತದೆ, ತಿಂಗಳ ಹಣ ಚಿಲ್ಲರೆ ಅನಿಸುತ್ತದೆ. ಇಲ್ಲವೇ ದೊಡ್ಡ ಮೊತ್ತ ಕೈಗೆ ಬಂದರೆ ಕರಗಿಹೋದೀತು ಅನ್ನುವ ಭಯ ಇರುತ್ತದೆ. ಎರಡೂ ಸಹಜವೇ. ಆದರೆ ಇದು ಒಮ್ಮೆ ಸಹಿ ಹಾಕಿದರೆ ಸಾಮಾನ್ಯವಾಗಿ ವಾಪಸ್ ಪಡೆಯಲಾಗದ ತೀರ್ಮಾನ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಮನಸ್ಸು.

ಎರಡು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಇಡಿಗಂಟು ಅಂದರೆ ಕೂಡಿಬಂದ ನಿವೃತ್ತಿ ಹಣವನ್ನು ಒಂದೇ ಸಲ ಕೈಗೆ ಪಡೆಯುವುದು. ಆನ್ಯುಯಿಟಿ ಅಂದರೆ ಆ ಹಣವನ್ನು ವಿಮಾ ಕಂಪನಿಗೋ ಪಿಂಚಣಿ ನಿಧಿಗೋ ಬಿಟ್ಟುಕೊಟ್ಟು, ಬದಲಿಗೆ ಬದುಕಿರುವಷ್ಟು ಕಾಲ ನಿಗದಿತ ಹಣ ಪಡೆಯುವ ಒಪ್ಪಂದ. ಹಳೆಯ ಕಾಗದಗಳಲ್ಲಿ ಇದನ್ನು ವರ್ಷಾಶನ ಅಂತ ಬರೆಯುತ್ತಾರೆ. ನಾನಿಲ್ಲಿ ಸರಳವಾಗಿ ತಿಂಗಳ ಪಿಂಚಣಿ ಅನ್ನುತ್ತೇನೆ.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಗಂಡನಿಗೆ 60 ವರ್ಷ, ಹೆಂಡತಿಗೆ 56. ಇಡಿಗಂಟು 10 ಲಕ್ಷ, ಅಥವಾ ಗಂಡನ ಆಯುಷ್ಯ ಇರುವ ತನಕ ಮಾತ್ರ ತಿಂಗಳಿಗೆ 6,000. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಯಾವ ದೇಶದ ಹಣ ಅಂದುಕೊಂಡರೂ ಸರಿ, ನಿಮ್ಮ ಪತ್ರದಲ್ಲಿರುವ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ.

ಕೂರುವ ಮೊದಲು ಕೈಯಲ್ಲಿರಬೇಕಾದದ್ದು

ಪಿಂಚಣಿ ಕೊಡುವವರಿಂದ ಲಿಖಿತ ಕೊಡುಗೆ ಪತ್ರ, ಅದರಲ್ಲಿ ಪ್ರತಿ ಆಯ್ಕೆಗೂ ತಿಂಗಳಿಗೆ ಎಷ್ಟು ಅನ್ನುವ ವಿವರ. ಮನೆಯ ಒಂದು ವರ್ಷದ ಖರ್ಚಿನ ಪಟ್ಟಿ. ಬೇರೆ ಕಡೆಯಿಂದ ಖಚಿತವಾಗಿ ಬರುವ ಆದಾಯದ ವಿವರ. ಬಾಕಿ ಇರುವ ಸಾಲದ ಪಟ್ಟಿ, ಬಡ್ಡಿ ದರದ ಸಮೇತ. ಫೋನಿನಲ್ಲಿ ಹೇಳಿದ ಅಂಕಿಗಳ ಮೇಲೆ ಲೆಕ್ಕ ಹಾಕಬೇಡಿ.

1. ಎರಡನ್ನೂ ಒಂದೇ ಅಳತೆಗೆ ತನ್ನಿ

ಹತ್ತು ಲಕ್ಷ ಅಂತ ಪತ್ರದಲ್ಲಿದ್ದರೆ ಅಷ್ಟೂ ಕೈಗೆ ಬರುತ್ತದೆ ಅಂತಲ್ಲ. ಕೆಲವು ಕಡೆ ಇಡಿಗಂಟು ಒಂದೇ ವರ್ಷದ ಆದಾಯವಾಗಿ ಸೇರಿ, ತೆರಿಗೆಯ ಮೇಲಿನ ಹಂತಕ್ಕೆ ನಿಮ್ಮನ್ನು ತಳ್ಳಿಬಿಡುತ್ತದೆ. ಕೆಲವು ಕಡೆ ಅದರ ಒಂದು ಭಾಗಕ್ಕೆ ತೆರಿಗೆಯೇ ಇರುವುದಿಲ್ಲ, ಆದರೆ ತಿಂಗಳ ಪಿಂಚಣಿಗೆ ಪ್ರತಿ ವರ್ಷ ತೆರಿಗೆ ಬೀಳುತ್ತದೆ. ನಿಮಗೆ ಅನ್ವಯಿಸುವ ನಿಯಮದ ಪ್ರಕಾರ ಎರಡರಿಂದಲೂ ತೆರಿಗೆ ಕಳೆದು ಕೈಗೆ ಬರುವ ಮೊತ್ತ ಬರೆದುಕೊಳ್ಳಿ. ಒಂದು ಕಡೆ ತೆರಿಗೆಗೆ ಮುಂಚಿನ ಅಂಕಿ, ಇನ್ನೊಂದು ಕಡೆ ತೆರಿಗೆ ಕಳೆದ ಅಂಕಿ ಇಟ್ಟು ಹೋಲಿಸಿದರೆ ಮುಂದಿನ ಎಲ್ಲ ಲೆಕ್ಕವೂ ದಂಡ.

ನಮ್ಮ ಉದಾಹರಣೆಯ 10 ಲಕ್ಷ ಮತ್ತು 6,000 ಎರಡೂ ತೆರಿಗೆ ಕಳೆದ ಮೇಲಿನವು ಅಂತ ಇಟ್ಟುಕೊಳ್ಳೋಣ.

2. ಪಿಂಚಣಿಯ ದರವನ್ನು ಬಡ್ಡಿ ಅಂದುಕೊಳ್ಳಬೇಡಿ

ತಿಂಗಳಿಗೆ 6,000 ಅಂದರೆ ವರ್ಷಕ್ಕೆ 72,000. ಹತ್ತು ಲಕ್ಷಕ್ಕೆ ಶೇ. 7.2. ಮಾರುವವರು ಇದನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಪಕ್ಕದಲ್ಲಿ ಠೇವಣಿಯ ಬಡ್ಡಿ ಶೇ. 5 ಇದ್ದರೆ, ಪಿಂಚಣಿಯೇ ಜಾಸ್ತಿ ಅಲ್ವಾ ಅನಿಸುತ್ತದೆ.

ಹಾಗಲ್ಲ. ಠೇವಣಿಯಲ್ಲಿ ಬಡ್ಡಿ ತಿಂದ ಮೇಲೂ ಅಸಲು ನಿಮ್ಮದೇ ಆಗಿ ಉಳಿದಿರುತ್ತದೆ. ಪಿಂಚಣಿಯಲ್ಲಿ ಅಸಲು ಹೋಗಿ ಆಯಿತು. ಪ್ರತಿ ತಿಂಗಳು ಬರುವ 6,000ದಲ್ಲಿ ಮೂರು ಪಾಲು ಸೇರಿರುತ್ತವೆ: ನಿಮ್ಮದೇ ಅಸಲಿನ ಒಂದು ತುಣುಕು, ಉಳಿದ ಅಸಲಿನ ಮೇಲಿನ ಬಡ್ಡಿ, ಮತ್ತು ನಿಮ್ಮ ಹಾಗೆಯೇ ಹಣ ಕಟ್ಟಿ ಬೇಗ ತೀರಿಕೊಂಡವರು ಬಿಟ್ಟುಹೋದ ಪಾಲು. ಈ ಮೂರನೆಯದು ಬೇರೆ ಯಾವ ಹೂಡಿಕೆಯಲ್ಲೂ ಸಿಗುವುದಿಲ್ಲ. ಪಿಂಚಣಿಯ ನಿಜವಾದ ಶಕ್ತಿ ಇರುವುದು ಅಲ್ಲೇ. ವಯಸ್ಸು ಹೆಚ್ಚಿದಷ್ಟೂ ಈ ಪಾಲು ದೊಡ್ಡದಾಗುತ್ತದೆ. 70ರಲ್ಲಿ ಕೊಂಡವರಿಗೆ ಅದೇ ಹಣಕ್ಕೆ 60ರಲ್ಲಿ ಕೊಂಡವರಿಗಿಂತ ಸಾಮಾನ್ಯವಾಗಿ ಹೆಚ್ಚು ಪಿಂಚಣಿ ಸಿಗುವುದಕ್ಕೆ ಇದೊಂದು ದೊಡ್ಡ ಕಾರಣ.

3. ಯಾವ ವಯಸ್ಸಿಗೆ ಎರಡೂ ಸಮ ಆಗುತ್ತವೆ?

ಈಗ ಮುಖ್ಯ ಲೆಕ್ಕ. ಇಡಿಗಂಟು ತೆಗೆದುಕೊಂಡು ಹೂಡಿಕೆ ಮಾಡಿ, ಅದರಿಂದ ನೀವೇ ತಿಂಗಳಿಗೆ 6,000 ತೆಗೆದು ಖರ್ಚು ಮಾಡುತ್ತಾ ಹೋದರೆ ಹಣ ಎಷ್ಟು ತಿಂಗಳು ಬರುತ್ತದೆ? ಅದು ಮುಗಿಯುವ ವಯಸ್ಸೇ ಸರಿಸಮದ ವಯಸ್ಸು. ಅದಕ್ಕಿಂತ ಮೊದಲು ತೀರಿಕೊಂಡರೆ ಇಡಿಗಂಟು ಲಾಭ, ಅದನ್ನು ದಾಟಿ ಬದುಕಿದರೆ ಪಿಂಚಣಿ ಲಾಭ.

ಇದಕ್ಕೆ ಕಂಪ್ಯೂಟರಿನ ಯಾವುದೇ ಲೆಕ್ಕದ ಹಾಳೆ ಸಾಕು. ಒಂದು ಖಾನೆಯಲ್ಲಿ ಹೀಗೆ ಬರೆಯಿರಿ:

```
=NPER(5%/12, 6000, -1000000)
```

ಮೊದಲನೆಯದು ನೀವು ನಿರೀಕ್ಷಿಸುವ ವಾರ್ಷಿಕ ಗಳಿಕೆ, ಎರಡನೆಯದು ತಿಂಗಳ ಮೊತ್ತ, ಮೂರನೆಯದು ಇಡಿಗಂಟು. ಇಡಿಗಂಟಿನ ಮುಂದೆ ಕಳೆಯುವ ಚಿಹ್ನೆ ಮರೆಯಬೇಡಿ, ಮರೆತರೆ ಉತ್ತರ ಅಡ್ಡಾದಿಡ್ಡಿ ಬರುತ್ತದೆ. ಇಲ್ಲಿ ಉತ್ತರ ಸುಮಾರು 285 ತಿಂಗಳು, ಅಂದರೆ 23 ವರ್ಷ 9 ತಿಂಗಳು. 60ಕ್ಕೆ ಸೇರಿಸಿದರೆ ಹತ್ತಿರ ಹತ್ತಿರ 84.

ಈಗ ಗಳಿಕೆಯನ್ನು ಬದಲಾಯಿಸಿ ನೋಡಿ. ಶೇ. 4 ಗಳಿಸಿದರೆ ಹಣ 80ನೇ ವಯಸ್ಸಿಗೇ ಖಾಲಿ. ಶೇ. 6 ಗಳಿಸಿದರೆ 90ರ ತನಕ ಬರುತ್ತದೆ. ಶೇ. 7.2 ಅಥವಾ ಅದಕ್ಕಿಂತ ಹೆಚ್ಚು ಪ್ರತಿ ವರ್ಷ ತಪ್ಪದೆ ಗಳಿಸಿದರೆ ಹಣ ಮುಗಿಯುವುದೇ ಇಲ್ಲ. ಶೇಕಡಾ ಎರಡರಷ್ಟು ವ್ಯತ್ಯಾಸಕ್ಕೆ ಹತ್ತು ವರ್ಷ ಆಚೀಚೆ ಆಯಿತು ನೋಡಿ. ಹಾಗಾಗಿ "ನಾನೇ ಹೂಡಿಕೆ ಮಾಡ್ತೀನಿ" ಅನ್ನುವವರು ಯಾವ ದರ ಹಿಡಿದಿದ್ದೇವೆ ಅನ್ನುವುದರಲ್ಲಿ ಪ್ರಾಮಾಣಿಕರಾಗಿರಬೇಕು. ತೆರಿಗೆ, ಶುಲ್ಕ ಎಲ್ಲ ಕಳೆದ ಮೇಲಿನ ದರ ಅದಾಗಿರಬೇಕು.

ಅದೇ ಲೆಕ್ಕವನ್ನು ತಿರುಗಿಸಿಯೂ ಹಾಕಬಹುದು. 85ರ ತನಕ, ಅಂದರೆ 300 ತಿಂಗಳು ಬದುಕಿದರೆ ಪಿಂಚಣಿ ನನಗೆ ಎಷ್ಟು ಗಳಿಕೆ ಕೊಟ್ಟ ಹಾಗಾಯಿತು?

```
=RATE(300, 6000, -1000000)*12
```

ಉತ್ತರ ಸುಮಾರು ಶೇ. 5.3. 75ಕ್ಕೇ ತೀರಿಕೊಂಡರೆ ಶೇ. 1 ಅಷ್ಟೇ. 90 ಮುಟ್ಟಿದರೆ ಶೇ. 6. ಶೇ. 7.2 ಅಂತ ಪತ್ರದಲ್ಲಿದ್ದ ಅಂಕಿ ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತಲ್ಲ.

ಈ ತಿರುಗು ಲೆಕ್ಕವನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಿದ್ಧ ನಿದರ್ಶನ ಇದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸೇನೆ ಸಿಬ್ಬಂದಿ ಕಡಿತ ಮಾಡಿದಾಗ, ಹೊರಡುವವರಿಗೆ ಇಡಿಗಂಟು ಅಥವಾ ನಿಗದಿತ ವರ್ಷಗಳ ವಾರ್ಷಿಕ ಕಂತು ಎಂಬ ಆಯ್ಕೆ ಕೊಟ್ಟಿತು. ವರ್ಷಕ್ಕೆ ಶೇ. 17ಕ್ಕಿಂತ ಹೆಚ್ಚು ಗಳಿಸಬಲ್ಲವರಿಗೆ ಮಾತ್ರ ಇಡಿಗಂಟು ಲಾಭವಾಗುವಂತಿತ್ತು. ಆದರೂ ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಕೆಳಗಿನ ದರ್ಜೆಯ ಸೈನಿಕರಲ್ಲಿ ಶೇ. 90ಕ್ಕಿಂತ ಹೆಚ್ಚು ಜನ ಇಡಿಗಂಟನ್ನೇ ಆರಿಸಿದರು. ಕೆಲವರಿಗೆ ಆ ಹಣದ ತುರ್ತು ಇದ್ದಿರಬಹುದು. ತುರ್ತು ಇಲ್ಲದ ನೀವು ದರ ನೋಡದೆ ಆರಿಸಬೇಡಿ.

4. ಎಷ್ಟು ವರ್ಷ ಬದುಕುತ್ತೇನೆ ಅನ್ನುವ ಪ್ರಶ್ನೆ

ಹೆಚ್ಚಿನವರು ಎಡವುವುದು ಇಲ್ಲೇ. ಪತ್ರಿಕೆಯಲ್ಲಿ ಬರುವ ಸರಾಸರಿ ಆಯುಷ್ಯ ಹುಟ್ಟಿನಿಂದ ಲೆಕ್ಕ ಹಾಕಿದ್ದು. ಶಿಶುವಾಗಿದ್ದಾಗ, ಯೌವನದಲ್ಲಿ ತೀರಿಕೊಂಡವರೆಲ್ಲ ಅದರಲ್ಲಿ ಸೇರಿರುತ್ತಾರೆ. ನೀವು 60 ದಾಟಿ ಬಂದಿದ್ದೀರಿ, ಆ ಗಂಡಾಂತರಗಳೆಲ್ಲ ಹಿಂದೆ ಉಳಿದವು. ಆದ್ದರಿಂದ ನಿಮ್ಮ ಸರಾಸರಿ ಅದಕ್ಕಿಂತ ಮುಂದೆ ಇರುತ್ತದೆ. ಜೀವಿತಾವಧಿ ಕೋಷ್ಟಕದಲ್ಲಿ '60ನೇ ವಯಸ್ಸಿನಲ್ಲಿ ಉಳಿದ ವರ್ಷ' ಅನ್ನುವ ಸಾಲನ್ನೇ ನೋಡಬೇಕು. ಅದೂ ಸರಾಸರಿಯೇ. ಬಹಳಷ್ಟು ಜನ ಅದನ್ನು ದಾಟಿಯೂ ಬದುಕುತ್ತಾರೆ.

ಗಂಡ ಹೆಂಡತಿ ಇಬ್ಬರಿದ್ದರೆ ಲೆಕ್ಕ ಇನ್ನೂ ಬೇರೆ. ಒಬ್ಬೊಬ್ಬರೂ 90 ಮುಟ್ಟುವ ಸಾಧ್ಯತೆ ಶೇ. 30 ಅಂತ ಹಿಡಿಯೋಣ. ಇಬ್ಬರೂ ಮುಟ್ಟದೇ ಇರುವ ಸಾಧ್ಯತೆ 0.7ನ್ನು 0.7ರಿಂದ ಗುಣಿಸಿದರೆ 0.49. ಅಂದರೆ ಇಬ್ಬರಲ್ಲಿ ಒಬ್ಬರಾದರೂ 90ರಲ್ಲಿ ಇರುವ ಸಾಧ್ಯತೆ ಅರ್ಧಕ್ಕಿಂತ ತುಸು ಜಾಸ್ತಿ. ಮನೆಯ ಹಣ ಅಲ್ಲಿಯ ತನಕ ಬರಬೇಕು.

ಒಬ್ಬರ ಆಯುಷ್ಯದ ಮೇಲೆ ಇನ್ನೊಬ್ಬರು ಒಂಟಿಯಾಗಿ ಒಪ್ಪಂದ ಮಾಡಿಕೊಂಡರೆ ಏನಾದೀತು ಅನ್ನುವುದಕ್ಕೆ ಫ್ರಾನ್ಸಿನ ಜಾನ್ ಕಾಲ್ಮಾನ್ ಎಂಬ ಮಹಿಳೆಯ ಕಥೆ ಇದೆ. 1965ರಲ್ಲಿ, ಅವರಿಗೆ 90 ವರ್ಷ ಇದ್ದಾಗ, ಒಬ್ಬ ವಕೀಲರು ಅವರ ಮನೆಗಾಗಿ ಅವರು ಬದುಕಿರುವ ತನಕ ತಿಂಗಳಿಗೆ 2,500 ಫ್ರಾಂಕ್ ಕೊಡಲು ಒಪ್ಪಿದರು. ಮೂವತ್ತು ವರ್ಷ ಕೊಟ್ಟು 1995ರಲ್ಲಿ ವಕೀಲರೇ ತೀರಿಕೊಂಡರು. ಆಮೇಲೆ ಅವರ ಮನೆಯವರು ಕೊಡುವುದನ್ನು ಮುಂದುವರಿಸಿದರು. ಆಕೆ 1997ರಲ್ಲಿ, 122ನೇ ವಯಸ್ಸಿನಲ್ಲಿ ತೀರಿಕೊಂಡರು. ವಕೀಲರಿಗೆ ಒಬ್ಬರೇ ಗಿರಾಕಿ, ಪೂರ್ತಿ ಭಾರ ಒಂದೇ ಆಯುಷ್ಯದ ಮೇಲೆ. ವಿಮಾ ಕಂಪನಿಗೆ ಸಾವಿರಾರು ಗಿರಾಕಿಗಳು, ಬೇಗ ಹೋದವರದು ತಡವಾಗಿ ಹೋದವರಿಗೆ ಸರಿಹೋಗುತ್ತದೆ. ಇಡಿಗಂಟು ತೆಗೆದುಕೊಂಡ ನೀವು ಆ ವಕೀಲರ ಜಾಗದಲ್ಲಿ ಇರುತ್ತೀರಿ. ನಿಮ್ಮದೇ ಆಯುಷ್ಯಕ್ಕೆ ನೀವೊಬ್ಬರೇ ಜಾಮೀನು.

ಇದರ ಇನ್ನೊಂದು ಮುಖವೂ ಇದೆ. ಈಗಾಗಲೇ ಗಂಭೀರ ಕಾಯಿಲೆ ಇದ್ದರೆ ಸಾಮಾನ್ಯ ದರದ ಪಿಂಚಣಿ ನಿಮಗೆ ನಷ್ಟದ ವ್ಯವಹಾರ. ಕೆಲವು ದೇಶಗಳಲ್ಲಿ ಕಾಯಿಲೆ ಇರುವವರಿಗೆ ಹೆಚ್ಚಿನ ದರದ ಪಿಂಚಣಿ ಇರುತ್ತದೆ. ನೀವಾಗಿ ಕೇಳಿ. ಜೀವ ವಿಮೆ ಮಾಡಿಸುವಾಗ ಕಾಯಿಲೆ ಮುಚ್ಚಿಡುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಮುಚ್ಚಿಟ್ಟರೆ ಕಳೆದುಕೊಳ್ಳುವವರು ನೀವೇ.

5. ಇಪ್ಪತ್ತು ವರ್ಷದ ಮೇಲಿನ ಆರು ಸಾವಿರ

ಪತ್ರದಲ್ಲಿ 'ಜೀವಮಾನವಿಡೀ 6,000' ಅಂತ ಇದ್ದರೆ, ಕೊನೆಯ ತನಕ ಅಷ್ಟೇ. ಬೆಲೆಗಳು ವರ್ಷಕ್ಕೆ ಶೇ. 4ರಂತೆ ಏರಿದರೆ, ಹತ್ತು ವರ್ಷದ ಮೇಲೆ ಆ 6,000ಕ್ಕೆ ಈಗಿನ 4,050ರಷ್ಟು ಸಾಮಾನು ಬರುತ್ತದೆ. ಇಪ್ಪತ್ತು ವರ್ಷದ ಮೇಲೆ 2,740ರಷ್ಟು. ಔಷಧಿ, ಆಸ್ಪತ್ರೆ ಖರ್ಚು ಹೆಚ್ಚುವ ಕಾಲಕ್ಕೇ ಪಿಂಚಣಿ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ.

ಇದಕ್ಕೆ ಏರುವ ಪಿಂಚಣಿ ಅನ್ನುವುದೊಂದು ಇದೆ. ಪ್ರತಿ ವರ್ಷ ನಿಗದಿತ ಶೇಕಡಾ ಅಥವಾ ಬೆಲೆ ಸೂಚ್ಯಂಕದಷ್ಟು ಹೆಚ್ಚುತ್ತಾ ಹೋಗುತ್ತದೆ. ಆದರೆ ಶುರುವಾಗುವುದು ಕಡಿಮೆಯಿಂದ. ಅದೇ ಹತ್ತು ಲಕ್ಷಕ್ಕೆ ವರ್ಷಕ್ಕೆ ಶೇ. 3 ಏರುವ ಪಿಂಚಣಿ 4,300ರಿಂದ ಶುರುವಾಗುತ್ತದೆ ಅಂದುಕೊಳ್ಳಿ. ಅದು 6,000 ಮುಟ್ಟಲು ಹನ್ನೊಂದು ಹನ್ನೆರಡು ವರ್ಷ ಬೇಕು. ಅಷ್ಟರ ತನಕ ಕಡಿಮೆ ಪಡೆದದ್ದೆಲ್ಲ ಸರಿದೂಗಿ ಒಟ್ಟು ಮೊತ್ತ ಸಮ ಆಗಲು 22 ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 82 ದಾಟಬೇಕು. ಶುರುವಿನ ಕಡಿಮೆ ಮೊತ್ತ ನೋಡಿಯೇ ಜನ ಬೇಡ ಅನ್ನುತ್ತಾರೆ. ಬೇರೆ ಉಳಿತಾಯ ಏನೂ ಇಲ್ಲದವರು, ಮನೆಯಲ್ಲಿ ದೀರ್ಘಾಯುಷಿಗಳು ಇರುವವರು ಸುಮ್ನೆ ತಳ್ಳಿಹಾಕದೆ ಇದರ ದರವನ್ನೂ ಬರೆಸಿಕೊಳ್ಳಿ.

6. ನೀವಿಲ್ಲದಾಗ ಏನು ಅನ್ನುವ ಸಾಲು

ಒಂದೇ ಕಂಪನಿಯ ಪತ್ರದಲ್ಲಿ ನಾಲ್ಕೈದು ಬಗೆ ಇರುತ್ತವೆ. ಒಬ್ಬರ ಆಯುಷ್ಯದ ಪಿಂಚಣಿಯಲ್ಲಿ ಮೊತ್ತ ಎಲ್ಲಕ್ಕಿಂತ ಹೆಚ್ಚು, ಆದರೆ ಆ ವ್ಯಕ್ತಿ ತೀರಿಕೊಂಡ ತಿಂಗಳಿಗೇ ನಿಲ್ಲುತ್ತದೆ. ಜಂಟಿ ಪಿಂಚಣಿಯಲ್ಲಿ ಸಂಗಾತಿಗೆ ಪೂರ್ತಿಯೋ ಅರ್ಧವೋ ಮುಂದುವರಿಯುತ್ತದೆ. ಖಾತರಿ ಅವಧಿಯದರಲ್ಲಿ, ಹತ್ತು ವರ್ಷದ ಖಾತರಿ ಇದ್ದರೆ, ನೀವು ಮೂರೇ ವರ್ಷಕ್ಕೆ ಹೋದರೂ ಉಳಿದ ಏಳು ವರ್ಷ ಮನೆಯವರಿಗೆ ಬರುತ್ತದೆ.

ದೊಡ್ಡ ತಪ್ಪು ಆಗುವುದು ಮೊದಲ ಸಾಲಿನ ದೊಡ್ಡ ಮೊತ್ತಕ್ಕೆ ಟಿಕ್ ಹಾಕಿದಾಗ. ನಮ್ಮ ಉದಾಹರಣೆಯ 6,000 ಗಂಡ ಇರುವ ತನಕ ಮಾತ್ರ. ಹೆಂಡತಿ ನಾಲ್ಕು ವರ್ಷ ಚಿಕ್ಕವರು, ಹೆಂಗಸರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕುತ್ತಾರೆ. ಅವರು ಹತ್ತು ವರ್ಷ ಒಂಟಿಯಾಗಿ ಇರಬೇಕಾಗಿ ಬಂದರೆ ಅದು ಅಪರೂಪವೇನಲ್ಲ. ಹೆಂಡತಿಗೂ ಪೂರ್ತಿ ಮುಂದುವರಿಯುವ ಜಂಟಿ ಪಿಂಚಣಿ ತಿಂಗಳಿಗೆ 5,200 ಅಂದುಕೊಳ್ಳಿ. ಆ 800 ನಷ್ಟ ಅಲ್ಲ, ಅವರ ವಿಮೆಯ ಕಂತು. ನನ್ನ ಅಭಿಪ್ರಾಯ ಕೇಳಿದರೆ, ಸಂಗಾತಿಗೆ ಸ್ವಂತ ಆದಾಯ ಇಲ್ಲದ ಮನೆಯಲ್ಲಿ ಒಬ್ಬರ ಆಯುಷ್ಯದ ಪಿಂಚಣಿಯನ್ನು ಆರಿಸಲೇಬಾರದು. ಈ ಪತ್ರವನ್ನು ಇಬ್ಬರೂ ಒಟ್ಟಿಗೆ ಕೂತು ಓದಿ.

ಇನ್ನೊಂದು ಬಗೆ 'ಕಟ್ಟಿದ ಹಣ ವಾರಸುದಾರರಿಗೆ ವಾಪಸ್'. ಕೇಳಲು ತುಂಬಾ ಚೆನ್ನಾಗಿರುತ್ತದೆ. ಆದರೆ ಅಸಲು ಕೊನೆಗೆ ವಾಪಸ್ ಹೋಗುವುದಾದರೆ, ಮೇಲೆ ಹೇಳಿದ ಮೂರು ಪಾಲುಗಳಲ್ಲಿ ನಿಮಗೆ ಉಳಿಯುವುದು ಹೆಚ್ಚುಕಡಿಮೆ ಬಡ್ಡಿಯೊಂದೇ. ಹತ್ತು ಲಕ್ಷಕ್ಕೆ ತಿಂಗಳಿಗೆ 4,500 ಕೊಟ್ಟರೆ ಅದು ಶೇ. 5.4ರ ಠೇವಣಿ ಇದ್ದ ಹಾಗೆ, ನೀವು ನಡುವೆ ಮುರಿಯಲು ಆಗದ ಠೇವಣಿ. ಅದೇ ದರಕ್ಕೆ ನಂಬಿಕಸ್ತ ದೀರ್ಘಾವಧಿ ಬಾಂಡ್ ಸಿಗುತ್ತದೆಯೇ ಅಂತ ನೋಡಿ, ಆಮೇಲೆ ನಿರ್ಧರಿಸಿ.

7. ಪೂರ್ತಿ ಅದೋ ಇದೋ ಅಲ್ಲ, ಕೊರತೆಯಷ್ಟಕ್ಕೆ ಮಾತ್ರ

ನಿಯಮ ಅವಕಾಶ ಕೊಟ್ಟರೆ ಹಣವನ್ನು ಭಾಗ ಮಾಡುವುದು ಹೆಚ್ಚಿನ ಮನೆಗಳಿಗೆ ಸರಿಹೊಂದುತ್ತದೆ. ಎಷ್ಟು ಭಾಗ ಅನ್ನುವುದನ್ನು ಖರ್ಚಿನ ಪಟ್ಟಿ ಹೇಳುತ್ತದೆ.

ಪಟ್ಟಿಯಲ್ಲಿ ಬಿಡಲಾಗದ ಖರ್ಚು ಮಾತ್ರ ಕೂಡಿಸಿ: ಊಟ, ವಾಸ, ವಿದ್ಯುತ್, ಔಷಧಿ, ವಿಮೆ. ಪ್ರವಾಸ, ಉಡುಗೊರೆ ಬೇಡ. ನಮ್ಮ ದಂಪತಿಗೆ ಇದು ತಿಂಗಳಿಗೆ 8,000. ಬೇರೆ ಕಡೆಯಿಂದ ಖಚಿತವಾಗಿ 5,000 ಬರುತ್ತದೆ, ಅದು ಬೆಲೆಗಳ ಜೊತೆಗೇ ಏರುತ್ತದೆ ಅಂದುಕೊಳ್ಳೋಣ. ಕೊರತೆ 3,000.

ಹತ್ತು ಲಕ್ಷಕ್ಕೆ 5,200 ಆದರೆ, 3,000ಕ್ಕೆ ಬೇಕಾಗುವುದು ಸುಮಾರು 5,77,000. ಅಷ್ಟಕ್ಕೆ ಜಂಟಿ ಪಿಂಚಣಿ ಕೊಳ್ಳಿ. ಉಳಿಯುವುದು 4,23,000. ಅದರಲ್ಲಿ ಒಂದು ಲಕ್ಷ ಯಾವಾಗ ಬೇಕಾದರೂ ತೆಗೆಯಬಹುದಾದ ಖಾತೆಯಲ್ಲಿ ಇರಲಿ, ಆಸ್ಪತ್ರೆಗೋ ಮನೆ ರಿಪೇರಿಗೋ. ಬಾಕಿ 3,23,000 ಬೆಲೆ ಏರಿಕೆಯನ್ನು ಎದುರಿಸುವ ಹಣ.

ಅದು ಸಾಕಾಗುತ್ತದೆಯೇ? ಬೆಲೆಗಳು ಶೇ. 4ರಂತೆ ಏರಿದರೆ ಹತ್ತು ವರ್ಷದ ಮೇಲೆ 3,000ದ ಕೊರತೆ 4,440 ಆಗಿರುತ್ತದೆ. ಪಿಂಚಣಿ 3,000ದಲ್ಲೇ ನಿಂತಿರುತ್ತದೆ, ಮೇಲಿನ 1,440 ಈ ಹಣದಿಂದ ತೆಗೆಯಬೇಕು. ಇಪ್ಪತ್ತನೇ ವರ್ಷಕ್ಕೆ ತಿಂಗಳಿಗೆ 3,570 ತೆಗೆಯಬೇಕು. ಈ ಹಣ ವರ್ಷಕ್ಕೆ ಶೇ. 6 ಗಳಿಸಿದರೆ 25 ವರ್ಷದ ಇಂಥ ಕೊರತೆಗೆ ಇಂದು ಸುಮಾರು 2,50,000 ಇದ್ದರೆ ಸಾಕು. ಶೇ. 4 ಮಾತ್ರ ಗಳಿಸಿದರೆ 3,38,000 ಬೇಕು. ಅಂದರೆ ನಮ್ಮ ದಂಪತಿ ಅಂಚಿನಲ್ಲಿದ್ದಾರೆ, ಆದರೆ ಮುಳುಗಿಲ್ಲ. 70ರ ಹೊತ್ತಿಗೆ ಈ ಹಣ ಚೆನ್ನಾಗಿ ಬೆಳೆದಿದ್ದರೆ, ಒಂದು ಭಾಗಕ್ಕೆ ಇನ್ನೊಂದು ಪಿಂಚಣಿ ಕೊಳ್ಳಬಹುದು. ಆಗ ವಯಸ್ಸು ಹೆಚ್ಚಿರುವುದರಿಂದ ದರವೂ ಮೇಲಿರುವ ಸಾಧ್ಯತೆ ಹೆಚ್ಚು.

ಸಾಲ ಇದ್ದರೆ ಮಾತ್ರ ಈ ಹಂತಕ್ಕೆ ಮೊದಲು ಅದನ್ನು ನೋಡಿ. ಶೇ. 12ರ ಸಾಲ ಇಟ್ಟುಕೊಂಡು, 85ರ ತನಕ ಬದುಕಿದರೆ ಶೇ. 5.3 ಕೊಡುವ ಪಿಂಚಣಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಇಡಿಗಂಟಿನ ಒಂದು ಭಾಗ ಸಾಲಕ್ಕೆ ಹೋಗಲಿ. ಕೊರತೆಯೇ ಇಲ್ಲದವರು, ಬೇರೆ ಖಚಿತ ಆದಾಯದಲ್ಲೇ ಮನೆ ನಡೆಯುವವರು, ಪಿಂಚಣಿ ಕೊಳ್ಳುವ ಒತ್ತಾಯಕ್ಕೆ ಬೀಳಬೇಕಿಲ್ಲ.

8. ಸಹಿ ಹಾಕುವ ವಾರ

ನಿಮ್ಮ ನಿಧಿಯವರು ಹೇಳಿದ ಕಂಪನಿಯಿಂದಲೇ ಪಿಂಚಣಿ ಕೊಳ್ಳಬೇಕು ಅನ್ನುವ ನಿಯಮ ಎಲ್ಲ ಕಡೆ ಇಲ್ಲ. ಆಯ್ಕೆ ಇದ್ದರೆ ಮೂರು ಕಡೆ ದರ ತರಿಸಿ. ಒಂದೇ ದಿನದ, ಒಂದೇ ಬಗೆಯ ಪಿಂಚಣಿಯ ದರಗಳನ್ನೇ ಹೋಲಿಸಿ. ಬಡ್ಡಿ ದರ ಬದಲಾದ ಹಾಗೆ ಇವೂ ಬದಲಾಗುತ್ತವೆ, ಕೊಡುಗೆ ಪತ್ರಕ್ಕೆ ಕೊನೆಯ ದಿನಾಂಕ ಇರುತ್ತದೆ. ಕಂಪನಿ ಮುಳುಗಿದರೆ ಪಿಂಚಣಿಗೆ ರಕ್ಷಣೆ ಇದೆಯೇ, ಇದ್ದರೆ ಎಷ್ಟು ಮೊತ್ತದ ತನಕ ಅಂತ ಕೇಳಿ ತಿಳಿದುಕೊಳ್ಳಿ. ಮೂವತ್ತು ವರ್ಷದ ಮಾತು ಇದು.

ಇಡಿಗಂಟು ತೆಗೆದುಕೊಳ್ಳುವವರು ಹಣ ಖಾತೆಗೆ ಬಂದ ದಿನದಿಂದ ಮೂರು ತಿಂಗಳು ಯಾರಿಗೂ ಮಾತು ಕೊಡಬೇಡಿ. ಯಾವ ಹೊಸ ಯೋಜನೆಗೂ ಹಾಕಬೇಡಿ, ಸಾಲವಾಗಿಯೂ ಕೊಡಬೇಡಿ. ಆ ಹೊತ್ತಿಗೆ ಕರೆ ಮಾಡುವ ಹೂಡಿಕೆ ಸಲಹೆಗಾರರಲ್ಲಿ ಬಹಳ ಜನರಿಗೆ ನಿಮ್ಮ ಹಣದ ಮೇಲೆ ಕಮಿಷನ್ ಬರುತ್ತದೆ. ಎಷ್ಟು ಅಂತ ನೇರವಾಗಿ ಕೇಳಿ.

ಪಿಂಚಣಿ ಆರಿಸಿದವರು ಅರ್ಜಿಯಲ್ಲಿ ನಾಲ್ಕು ಜಾಗ ನಿಧಾನವಾಗಿ ಓದಿ: ಯಾವ ಬಗೆ, ಸಂಗಾತಿಯ ಹೆಸರು ಮತ್ತು ಹುಟ್ಟಿದ ದಿನಾಂಕ, ಮೊದಲ ಪಾವತಿಯ ದಿನಾಂಕ, ನಾಮಿನಿ. ಹುಟ್ಟಿದ ದಿನಾಂಕ ತಪ್ಪಿದರೆ ದರವೇ ತಪ್ಪುತ್ತದೆ. ಹೊಸ ಪಾಲಿಸಿಯನ್ನು ವಾಪಸ್ ಕೊಡಲು ಕೆಲವು ಕಡೆ ಕೆಲವು ದಿನಗಳ ಕಾಲಾವಕಾಶ ಇರುತ್ತದೆ. ಅದು ಇದೆಯೇ, ಯಾವ ದಿನದಿಂದ ಎಣಿಸುತ್ತಾರೆ ಅಂತ ಸಹಿಗೆ ಮೊದಲೇ ಕೇಳಿ ಬರೆದಿಡಿ. ಪಾಲಿಸಿ ಕೈಗೆ ಬಂದ ದಿನವೇ ಅದರಲ್ಲಿರುವ ತಿಂಗಳ ಮೊತ್ತವನ್ನು ಕೊಡುಗೆ ಪತ್ರದ ಮೊತ್ತದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಸರಿಪಡಿಸಿಕೊಳ್ಳಲು ಸುಲಭವಾದ ಕಾಲ ಆ ಕೆಲವೇ ದಿನಗಳು.